ಎರಡು ಬೆರಳಿನ ಭಾಮೈದ

ನನ್ನ ಭಾಮೈದನಿಗೆ ಬೈಕಿನ ವಿಷಯದಲ್ಲಿ ಗೊತ್ತಿಲ್ಲದ್ದು ಇಲ್ಲ. ಗೊತ್ತಿರುವುದರಲ್ಲಿ ನಿಜ ಎಷ್ಟು ಎಂಬುದಷ್ಟೇ ಪ್ರಶ್ನೆ. ಬನಶಂಕರಿಯಿಂದ ಮಾರತ್ತಹಳ್ಳಿಗೆ ದಿನಾ 150 ಸಿಸಿ ಬೈಕಿನಲ್ಲಿ ಹೋಗಿಬರುವ ಪ್ರಾಣಿ. ಹೋದ ತಿಂಗಳು ಒಂದು ಸಂಜೆ ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದವನೇ ಘೋಷಿಸಿದ: "ಭಾವಾ, ಬ್ರೇಕ್ ಪ್ಯಾಡ್ ಹೋಯ್ತು. ಏಳು ಸಾವಿರ ಕಿಲೋಮೀಟರೂ ಆಗಿಲ್ಲ. ಸಿಲ್ಕ್ ಬೋರ್ಡ್ ಕಾವಿಗೆ ಮಾಮೂಲಿ ಪ್ಯಾಡ್ ತಡ್ಕೊಳಲ್ಲ. ಸೆರಾಮಿಕ್ಕೇ ಹಾಕಿಸ್ಬೇಕು."

"ಸೆರಾಮಿಕ್ ಅಂದ್ರೆ ನಮ್ಮ ಬಚ್ಚಲುಮನೆ ಟೈಲ್ಸಾ?" ಅಂದೆ. ಅವನಿಗೆ ಸಿಟ್ಟು ಬಂತು. ಅವನ ಅಕ್ಕ ಕಾಫಿ ತಂದಳು, ಸಿಟ್ಟು ಇಳಿಯಿತು.

ಸಿಲ್ಕ್ ಬೋರ್ಡಿನಲ್ಲಿ ಕಾವಿರುವುದು ನಿಜ. ಅದು ಸವಾರನ ನೆತ್ತಿಯಲ್ಲಿ, ಎಂಜಿನ್ನಿನಲ್ಲಿ, ಪಕ್ಕದ ಕ್ಯಾಬಿನವನ ಬಾಯಲ್ಲಿ. ಬ್ರೇಕಿನಲ್ಲಿ ಎಷ್ಟಿದೆ ಅಂತ ಒಂದು ಹಳೇ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಬೈಕು 145 ಕೆಜಿ, ಅವನು 75 (ಅವನು ಹೇಳಿದ್ದು, ನಾನು ತೂಗಿಲ್ಲ), ಒಟ್ಟು 220. ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುತ್ತಿದ್ದವನು ಪೂರ್ತಿ ನಿಂತರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 3,400 ಜೂಲ್. ಅಷ್ಟೂ ಮುಂದಿನ ಡಿಸ್ಕಿಗೇ ಹೋಯಿತು, ಡಿಸ್ಕು ಒಂದು ಕೆಜಿ ಉಕ್ಕು ಅಂತ ಇಟ್ಟುಕೊಳ್ಳಿ. ಅದರ ಬಿಸಿ ಏರುವುದು ಏಳು ಡಿಗ್ರಿ. ಏಳೇ ಏಳು! ನಮ್ಮ ಮನೆ ಸೋಲಾರ್ ನೀರು ಮೋಡದ ದಿನವೂ ಅದಕ್ಕಿಂತ ಹೆಚ್ಚು ಕಾಯುತ್ತದೆ. ಮುಂದಿನ ಬಸ್ಸಿನ ಹಿಂದೆ ನಿಲ್ಲುವಷ್ಟರಲ್ಲಿ ಅದರಲ್ಲೂ ಒಂದಿಷ್ಟು ಗಾಳಿಗೆ ಹೋಗಿರುತ್ತದೆ.

ಅದೇ ಬೈಕು 80ರಲ್ಲಿ ಹೋಗುತ್ತಾ ನಿಂತರೆ? ವೇಗ ನಾಲ್ಕು ಪಟ್ಟು, ಕಾವು ಹದಿನಾರು ಪಟ್ಟು. ಒಂದೇ ಏಟಿಗೆ 110 ಡಿಗ್ರಿಗಿಂತ ಹೆಚ್ಚು ಏರುತ್ತದೆ. ಘಾಟಿಯದ್ದು ಇನ್ನೂ ದೊಡ್ಡ ಕಥೆ. ಚಾರ್ಮಾಡಿಯಲ್ಲಿ ಬರೀ ಬ್ರೇಕನ್ನೇ ನೆಚ್ಚಿಕೊಂಡು ನೂರು ಮೀಟರ್ ಎತ್ತರ ಇಳಿದರೆ, ನಮ್ಮೂರಿನ ಅರವತ್ತಕ್ಕೂ ಹೆಚ್ಚು ಸಿಗ್ನಲ್‌ಗಳ ಕಾವು ಒಟ್ಟಿಗೇ ಡಿಸ್ಕಿನ ಮೇಲೆ ಬೀಳುತ್ತದೆ. ಅದಕ್ಕೇ ತಿಳಿದವರು ಗೇರು ಇಳಿಸಿ, ಅರ್ಧ ಕೆಲಸವನ್ನು ಎಂಜಿನ್ನಿಗೆ ಬಿಡುವುದು. ಸೆರಾಮಿಕ್ಕಿಗೆ ಕೆಲಸ ಇದ್ದರೆ ಅಲ್ಲಿ ಇದೆ. ಇವನು ಎಂಬತ್ತರಲ್ಲಿ ಹೋಗಿದ್ದು ಲಾಕ್‌ಡೌನಿನಲ್ಲಿ ಒಂದೇ ಸಲ.

"ಹಂಗಾದ್ರೆ ನಿಮ್ಮ ಪ್ರಕಾರ ಯಾವುದು?" ಅಂದ, ಸೋತವನ ದನಿಯಲ್ಲಲ್ಲ, ಸವಾಲಿನ ದನಿಯಲ್ಲಿ.

ಕಂಪನಿಯಿಂದ ಇಂಥ ಬೈಕಿನಲ್ಲಿ ಸಾಮಾನ್ಯವಾಗಿ ಬರುವುದು ಆರ್ಗ್ಯಾನಿಕ್ ಪ್ಯಾಡು. ಹೆಸರು ಕೇಳಿ ಸಾವಯವ ಕೃಷಿ ಮೇಳದಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ನಾರು, ರಬ್ಬರಿನ ಪುಡಿ, ಗ್ರಾಫೈಟಿನಂಥವನ್ನು ರಾಳದ ಅಂಟಿನಲ್ಲಿ ಕಲಸಿ, ಒತ್ತಿ, ಬೇಯಿಸಿದ ಬಿಲ್ಲೆ ಅದು. ಹಿಂದೆ ಆ ನಾರಿನ ಜಾಗದಲ್ಲಿ ಕಲ್ನಾರು ಇರುತ್ತಿತ್ತು. ಎಲ್ಲ ಮೆತ್ತನೆಯ ಸಾಮಾನು, ಹಾಗಾಗಿ ಡಿಸ್ಕಿಗೆ ನೋವಾಗುವುದಿಲ್ಲ, ಕಿರುಚುವುದಿಲ್ಲ. ಮುಖ್ಯವಾಗಿ, ತಣ್ಣಗಿದ್ದಾಗಲೇ ಕಚ್ಚುತ್ತದೆ. ಬೆಳಗ್ಗೆ ಗೇಟಿನಿಂದ ಹೊರಬಿದ್ದ ಮೊದಲನೇ ತಿರುವಿನಲ್ಲಿ ಪಕ್ಕದ ಮನೆಯವರ ನಾಯಿ ಅಡ್ಡ ಬಂದರೆ ಬೇಕಾಗುವುದು ಆ ಗುಣವೇ. ದೋಷ ಎರಡು: ಬೇಗ ಸವೆಯುತ್ತದೆ. ಮತ್ತು ಕಾವು ಮುನ್ನೂರು ಡಿಗ್ರಿಯ ಹತ್ತಿರ ಹೋದರೆ ರಾಳ ಬೆಂದು ಹಬೆ ಬಿಟ್ಟು ಹಿಡಿತ ಜಾರುತ್ತದೆ. ಮುನ್ನೂರು! ಏಳೇಳು ಡಿಗ್ರಿಯ ಕಂತಿನಲ್ಲಿ, ನಡುನಡುವೆ ತಣಿಯುತ್ತಾ, ಅಲ್ಲಿಗೆ ಮುಟ್ಟುವುದಕ್ಕೆ ಸಿಲ್ಕ್ ಬೋರ್ಡು ಕಾಶಿಯವರೆಗೂ ಹಬ್ಬಿರಬೇಕು.

ಸೆಮಿ ಮೆಟಾಲಿಕ್ ಅಂದರೆ ಅದೇ ಹಿಟ್ಟಿಗೆ ಉಕ್ಕಿನ ಎಳೆ, ತಾಮ್ರ, ಕಬ್ಬಿಣದ ಪುಡಿ ಧಾರಾಳವಾಗಿ ಬೆರೆಸಿದ್ದು. ಹೆಚ್ಚು ದಿನ ಬಾಳುತ್ತದೆ, ಕಾವಿಗೆ ಅಷ್ಟು ಬೇಗ ಸೋಲುವುದಿಲ್ಲ. ಬದಲಿಗೆ ಡಿಸ್ಕನ್ನು ಸ್ವಲ್ಪ ಜಾಸ್ತಿ ತಿನ್ನುತ್ತದೆ. ಜೊತೆಗೆ ಡಿಸೆಂಬರಿನ ಬೆಳಗ್ಗೆ ಅದು ಹಾಡುವ ಕೀರಲು ರಾಗಕ್ಕೆ ಇಡೀ ಬೀದಿ ಏಳುತ್ತದೆ. ಬೆಂಗಳೂರಿನಲ್ಲಿ ಇದನ್ನು ದೋಷ ಅನ್ನುವಂತಿಲ್ಲ, ಹಾರನ್ನಿನ ಖರ್ಚು ಉಳಿಯುತ್ತದೆ. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಓಡುವ ಡೆಲಿವರಿ ಹುಡುಗರಿಗೆ, ತೂಕದ ಸಾಮಾನು ಹೇರಿಕೊಂಡು ಓಡಾಡುವವರಿಗೆ ಇದು ಒಪ್ಪುತ್ತದೆ. ಅಂಗಡಿಯಲ್ಲಿ ಮಾತ್ರ ಒಂದು ಕಿವಿಮಾತು: ಇದನ್ನೂ ಸಿಂಟರ್ಡ್ ಪ್ಯಾಡನ್ನೂ ಒಂದೇ ಅಂತ ಕಟ್ಟಿಬಿಡುತ್ತಾರೆ. ಸಿಂಟರ್ಡ್‌ನಲ್ಲಿ ಅಂಟೇ ಇಲ್ಲ, ಲೋಹದ ಪುಡಿಯನ್ನೇ ಕಾಯಿಸಿ ಒತ್ತಿ ಗಟ್ಟಿ ಮಾಡಿರುತ್ತಾರೆ. ಮಳೆಯಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ಅದಕ್ಕೆಂದು ಮಾಡದ ಡಿಸ್ಕಿಗೆ ಹಾಕಿದರೆ ಡಿಸ್ಕಿನ ಮೇಲೆ ಹಳೇ ಗ್ರಾಮಫೋನ್ ತಟ್ಟೆಯಂಥ ಗೆರೆ ಬೀಳುತ್ತದೆ.

ಇನ್ನು ಮಹಾರಾಜರು. ಸೆರಾಮಿಕ್ ಎಳೆಗಳು, ಜೊತೆಗೆ ಅದೇ ರಾಳ. ಸದ್ದಿಲ್ಲ, ಧೂಳು ಕಡಿಮೆ, ಚಕ್ರ ಹೊಳೆಯುತ್ತಲೇ ಇರುತ್ತದೆ, ಹತ್ತಾರು ಸಲ ಬಿಸಿಯಾದರೂ ಹಿಡಿತ ಒಂದೇ ಸಮ. ಮಾಮೂಲಿಗಿಂತ ಎರಡು ಮೂರು ಪಟ್ಟು ದುಡ್ಡು. ತಣ್ಣಗಿದ್ದಾಗಿನ ಮೊದಲ ಕಚ್ಚು ಮಾತ್ರ ಹಲವಕ್ಕೆ ಸ್ವಲ್ಪ ಮಂದ. ಸ್ವಲ್ಪ ಬಿಸಿಯೇರಿದ ಮೇಲೆ ಚುರುಕಾಗುತ್ತವೆ, ಸರಕಾರಿ ಕಚೇರಿಯ ಹಾಗೆ, ಕಾಫಿ ಆದ ಮೇಲೆ. ಟ್ರಾಫಿಕ್ಕಿನಲ್ಲಿ ಆ ಕಾಫಿ ಬರುವುದೇ ಇಲ್ಲ.

"ಎಲ್ಲಾ ಸೆರಾಮಿಕ್ಕೂ ಹಂಗಿರಲ್ಲ ಭಾವಾ." ಒಪ್ಪಿದೆ. ಪೊಟ್ಟಣದ ಮೇಲಿನ ಹೆಸರಿಗಿಂತ ಪ್ಯಾಡಿನ ಬೆನ್ನಿನ ತಗಡು ನೋಡು ಅಂದೆ. ಹಲವು ಪ್ಯಾಡುಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ: ಎಫ್‌ಎಫ್, ಜಿಎಫ್, ಎಚ್‌ಎಚ್, ಹೀಗೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿನ ಹಿಡಿತ, ಎರಡನೆಯದು ಜೋರು ಕಾವಿನಲ್ಲಿನ ಹಿಡಿತ. ಅಕ್ಷರ ಮುಂದೆ ಹೋದಷ್ಟೂ ಹಿಡಿತ ಜಾಸ್ತಿ. ಎಫ್ ಅಂದರೆ ಘರ್ಷಣೆಯ ಅಂಕ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಟ್ರಾಫಿಕ್ಕಿನವನಿಗೆ ಬೇಕಾದದ್ದು ಮೊದಲನೇ ಅಕ್ಷರ, ಘಾಟಿಯವನಿಗೆ ಎರಡನೆಯದು. ಇವನಿಗೆ ಬೇಕಾದದ್ದು ಫೋಟೋ ತೆಗೆದು ಹಾಕುವುದಕ್ಕೆ ಒಂದು ನೀಲಿ ಪೊಟ್ಟಣ.

ಆದರೂ ಒಂದು ಪ್ರಶ್ನೆ ಉಳಿಯಿತಲ್ಲ. ಬ್ರೇಕು ಕಾಯುವುದಿಲ್ಲ ಅಂದಮೇಲೆ ಅವನ ಪ್ಯಾಡು ಏಳು ಸಾವಿರಕ್ಕೇ ಯಾಕೆ ಮುಗಿಯಿತು? ಮರುದಿನ ಬೆಳಗ್ಗೆ ಅವನ ಹಿಂದೆ ಕೂತು ಜಯದೇವದವರೆಗೆ ಹೋದೆ. ಹೆಗಲ ಮೇಲಿಂದ ಬಗ್ಗಿ ನೋಡಿದರೆ ಉತ್ತರ ಕಣ್ಣೆದುರೇ ಇತ್ತು. ಬಲಗೈಯ ಎರಡು ಬೆರಳು ಬ್ರೇಕ್ ಲಿವರಿನ ಮೇಲೆ. ಮುಂದೆ ಆಟೋ ಇರಲಿ ಬಿಡಲಿ, ಬೆರಳು ಅಲ್ಲೇ, ವೀಣೆಯ ತಂತಿಯ ಮೇಲೆ ಇಟ್ಟ ಹಾಗೆ. ಸಿಗ್ನಲ್ ಹಸಿರಾದರೂ ಬ್ರೇಕ್ ಲೈಟು ಕೆಂಪು.

ಹಾಗೆ ಒತ್ತುತ್ತಾ ಹೋದರೆ ಬರೀ ಮೂರು ಕೆಜಿ ತೂಕದಷ್ಟು ತಡೆ ಬಿದ್ದರೂ ಸಾಕು. 20ರ ವೇಗದಲ್ಲಿ ಅದು ಪ್ರತಿ ಇಪ್ಪತ್ತು ಸೆಕೆಂಡಿಗೊಮ್ಮೆ ಪೂರ್ತಿ ನಿಂತಷ್ಟು ಕೆಲಸ, ತಣಿಯುವುದಕ್ಕೆ ಬಿಡುವೇ ಇಲ್ಲದೆ. ನಿಲ್ಲಿಸಿದ ಮೇಲೆ ಬೆರಳು ಒದ್ದೆ ಮಾಡಿ ಡಿಸ್ಕಿನ ಮೇಲೆ ಒಂದು ಹನಿ ಚಿಮುಕಿಸಿದೆ. ಚುರ್ ಅಂತು, ದೋಸೆ ಕಾವಲಿಯ ಹಾಗೆ. ಟ್ರಾಫಿಕ್ಕಿನಿಂದ ಬಂದ ಡಿಸ್ಕು ಚುರ್ ಅನ್ನಬಾರದು. ಅಂದರೆ ಒಂದೋ ಬೆರಳು ಅಂಟಿದೆ, ಇಲ್ಲ ಕ್ಯಾಲಿಪರ್ ಅಂಟಿದೆ.

ಇವನದ್ದು ಎರಡೂ. ನಮ್ಮ ಬೀದಿಯ ಮೆಕ್ಯಾನಿಕ್ಕು ಪ್ಯಾಡು ಕಳಚಿ ಅಂಗೈಯಲ್ಲಿಟ್ಟು ತೋರಿಸಿದ. ಒಂದು ಪ್ಯಾಡಿನಲ್ಲಿ ಇನ್ನೂ ಎರಡು ಮಿಲಿಮೀಟರ್ ಇದೆ, ಅದರ ಜೋಡಿ ತಗಡಿನ ಹತ್ತಿರಕ್ಕೆ ಬಂದಿದೆ. ಕ್ಯಾಲಿಪರ್ ಅತ್ತಿತ್ತ ಜಾರುವ ಪಿನ್ನಿನಲ್ಲಿ ಗ್ರೀಸ್ ಒಣಗಿ, ಮೆಟ್ರೋ ಕಾಮಗಾರಿಯ ಧೂಳು ಸೇರಿ ಕಚ್ಚಿಕೊಂಡಿತ್ತು. ಉಳಿದ ಪ್ಯಾಡಿನ ಮುಖ ಕನ್ನಡಿಯಂತೆ ಮಿಂಚುತ್ತಿತ್ತು. ಸದಾ ಮೆಲ್ಲಗೆ ಒತ್ತಿ ಒತ್ತಿ ಮೇಲಿನ ಪದರ ಗಾಜುಗಟ್ಟಿದ್ದು ಅದು. ಹಾಗಾದಾಗ ಲಿವರ್ ಗಟ್ಟಿಯಾಗಿಯೇ ಇರುತ್ತದೆ, ಬೈಕು ಮಾತ್ರ ನಿಲ್ಲುವುದಿಲ್ಲ.

"ಸಾರ್, ಇದಕ್ಕೆ ಚಿನ್ನದ ಪ್ಯಾಡ್ ಹಾಕಿದ್ರೂ ಇಷ್ಟೇನೇ," ಅಂದ ಮೆಕ್ಯಾನಿಕ್ಕು. ಪಿನ್ನು ಒರೆಸಿ ಬಿಸಿ ತಡೆಯುವ ಸಿಲಿಕೋನ್ ಗ್ರೀಸ್ ಸವರಿದ. ಮಾಮೂಲಿ ಗ್ರೀಸು ಅಲ್ಲಿನ ರಬ್ಬರನ್ನು ಉಬ್ಬಿಸುತ್ತದಂತೆ. "ಯಾವ ಪ್ಯಾಡ್ ಕೊಡ್ಲಿ? ಕಂಪನೀದು ಇದೆ."

ಭಾಮೈದ ಜೇಬಿನಿಂದ ನೀಲಿ ಪೊಟ್ಟಣ ತೆಗೆದ. ಜೆ.ಸಿ. ರಸ್ತೆಗೆ ಹಿಂದಿನ ದಿನವೇ ಹೋಗಿಬಂದಿದ್ದ. ನನ್ನ ಲಗ್ನಪತ್ರಿಕೆಯ ಲೆಕ್ಕವೆಲ್ಲ ವ್ಯರ್ಥ.

ಮೆಕ್ಯಾನಿಕ್ಕು ನಕ್ಕು, ಹಳೇ ಪ್ಯಾಡಿನ ಪದರ ಹೋಗಲಿ ಅಂತ ಡಿಸ್ಕಿಗೆ ಎಮರಿ ಕಾಗದ ಉಜ್ಜಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ಹಾಕಿಕೊಟ್ಟ. ಬೇರೆ ಜಾತಿಯ ಪ್ಯಾಡು ಹಾಕುವಾಗ ಇಷ್ಟು ಮಾಡದಿದ್ದರೆ ಹೊಸದು ಹಳೆಯದರ ಎಂಜಲಿನ ಮೇಲೆಯೇ ಜಾರುತ್ತಿರುತ್ತದೆ. ಮರುದಿನ ಬೆಳಗ್ಗೆ ಫೋನು ಬಂತು. "ಭಾವಾ, ಬಿಎಂಟಿಸಿ ಬಸ್ಸಿಗೆ ಗುದ್ದೋದು ಸ್ವಲ್ಪದ್ರಲ್ಲಿ ತಪ್ತು. ಹಿಡೀತಾನೇ ಇಲ್ಲ!" ಪಾಪ, ಇಲ್ಲಿ ತಪ್ಪನ್ನು ಸೆರಾಮಿಕ್ಕಿನ ತಲೆಗೆ ಕಟ್ಟಬಾರದು. ಹೊಸ ಪ್ಯಾಡು ಯಾವುದಾದರೂ ಡಿಸ್ಕಿಗೆ ಪೂರ್ತಿ ಕೂತಿರುವುದಿಲ್ಲ, ಅಲ್ಲಲ್ಲಿ ಮಾತ್ರ ತಾಗುತ್ತಿರುತ್ತದೆ. ಅದನ್ನು ಪಳಗಿಸಬೇಕು: ನಲವತ್ತು ಐವತ್ತರ ವೇಗದಿಂದ ಹತ್ತಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ, ನಡುವೆ ತಣಿಯಲು ಬಿಟ್ಟು, ಇಪ್ಪತ್ತು ಮೂವತ್ತು ಸಲ.

"ನಲವತ್ತು? ನಮ್ ರೋಡಲ್ಲಿ?" ಅಂದ.

ಕೊನೆಗೆ ಭಾನುವಾರ ಬೆಳಗಿನ ಐದೂವರೆಗೆ ಕನಕಪುರ ರಸ್ತೆಯ ಕಡೆ ಹೋದೆವು. ನಾನು ರಸ್ತೆ ಬದಿಯಲ್ಲಿ ನಿಂತು ಎಣಿಸುವುದು, ಅವನು ಓಡಿಸಿ, ಇಳಿಸಿ, ಮತ್ತೆ ಓಡಿಸುವುದು. ಹನ್ನೆರಡನೆಯ ಸಲಕ್ಕೆ ಮಫ್ಲರ್ ಸುತ್ತಿಕೊಂಡು ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಅವನನ್ನು ತಡೆದು ನಿಲ್ಲಿಸಿದರು.

"ಏನಪ್ಪಾ, ಆಗಿಂದ ನೋಡ್ತಿದೀನಿ. ಏನಾದ್ರೂ ಬೀಳಿಸ್ಕೊಂಡ್ಯಾ?"

"ಇಲ್ಲ ಸಾರ್, ಬ್ರೇಕ್ ಪಳಗಿಸ್ತಿದೀನಿ."

ಹಿರಿಯರು ಅವನ ಬಲಗೈಯನ್ನೇ ನೋಡಿದರು. ಬೈಕು ನಿಂತಿತ್ತು, ಸ್ಟ್ಯಾಂಡೂ ಹಾಕಿತ್ತು. ಎರಡು ಬೆರಳು ಇನ್ನೂ ಲಿವರಿನ ಮೇಲೇ ಇದ್ದವು.