ನೂರು ರೂಪಾಯಿಯ ಬ್ರಾಕೆಟ್ಟೂ ನನ್ನ ಪತ್ರಲೇಖನವೂ

2017ರ ಜುಲೈ ಮೊದಲ ವಾರದಲ್ಲಿ ಪೀಣ್ಯದ ನಮ್ಮ ಭಾವನ ಫ್ಯಾಬ್ರಿಕೇಶನ್ ಶೆಡ್ಡಿನಿಂದ ಹೊರಟ ದರ ಏರಿಕೆಯ ಪತ್ರದ ಕರ್ತೃ ನಾನೇ. ಭಾವನಿಗೆ ವೆಲ್ಡಿಂಗ್ ಬರುತ್ತದೆ, ಕಾಗದ ಬರೆಯಲು ಬರುವುದಿಲ್ಲ. ನನಗೆ ಬರುತ್ತದೆ ಎಂಬ ಸುದ್ದಿಯನ್ನು ನೆಂಟರಿಷ್ಟರಲ್ಲಿ ಹಬ್ಬಿಸಿದವನೂ ನಾನೇ.

ಶೆಡ್ಡಿನಲ್ಲಿ ನಡೆಯುವುದು ಜಾಬ್ ವರ್ಕ್. ದೊಡ್ಡ ಕಂಪನಿಯೊಂದು ಉಕ್ಕಿನ ಶೀಟು ಕಳಿಸುತ್ತದೆ. ಇವರು ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿ ಬ್ರಾಕೆಟ್ಟಾಗಿಸಿ ಚಲನ್ ಜೊತೆ ವಾಪಸು ಕಳಿಸುತ್ತಾರೆ. ಮಾಲು ಅವರದು, ಕೂಲಿ ಇವರದು. ಬ್ರಾಕೆಟ್ಟಿಗೆ ನೂರು ರೂಪಾಯಿ. ತಯಾರಾದ ವಸ್ತುವಿಗೆ ಕಂಪನಿಯೇ ಎಕ್ಸೈಸ್ ಕಟ್ಟುತ್ತಿದ್ದುದರಿಂದ ನಡುವಿನ ಈ ಕೂಲಿಗೆ ಸೇವಾ ತೆರಿಗೆಯ ವಿನಾಯಿತಿ ಇತ್ತು. ಜುಲೈ 1ರಂದು ಜಿಎಸ್‌ಟಿ ಬಂತು, ಕೂಲಿಗೆ ಶೇ. 18 ಬಿತ್ತು. ನಾನು ಪೆನ್ನು ಹಿಡಿದೆ.

"ಮಾನ್ಯರೇ, ಘನ ಸರ್ಕಾರವು ಜಾರಿಗೆ ತಂದಿರುವ ನೂತನ ಶಾಸನಬದ್ಧ ತೆರಿಗೆಯ ದುರ್ಭರ ಹೊರೆಯ ನಿಮಿತ್ತ, ತಮ್ಮ ಸೇವೆಯಲ್ಲೇ ಸವೆದ ನಾವು, ಹೃದಯವನ್ನು ಕಲ್ಲಾಗಿಸಿಕೊಂಡು, ಪ್ರತಿ ಬ್ರಾಕೆಟ್ಟಿನ ದರವನ್ನು ರೂ. 100ರಿಂದ ರೂ. 118ಕ್ಕೆ ಏರಿಸುತ್ತಿರುವುದನ್ನು ವಿಷಾದಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇವೆ."

'ಹೃದಯವನ್ನು ಕಲ್ಲಾಗಿಸಿಕೊಂಡು' ಎಂಬಲ್ಲಿ ಭಾವನ ಕಣ್ಣು ತೇವವಾಯಿತೆಂದು ನಾನು ಭಾವಿಸಿದೆ. ವೆಲ್ಡಿಂಗ್ ಹೊಗೆಯಂತೆ.

ಕಂಪನಿಯ ಪರ್ಚೇಸ್ ಮ್ಯಾನೇಜರ್ ಫೋನ್ ಮಾಡಿದರು. "ಸಾರ್, ಕಾಗದ ಓದಿದೆ. ಯಾರಾದ್ರೂ ತೀರಿಕೊಂಡ್ರಾ?"

ಇಲ್ಲ, ತೆರಿಗೆ ಬಂದಿದೆ ಎಂದೆ.

"ತೆರಿಗೆ ಬಂದ್ರೆ ದರ ಯಾಕೆ ಏರತ್ತೆ? ದರ ನೂರೇ. ಹದಿನೆಂಟನ್ನ ಬಿಲ್ಲಲ್ಲಿ ಬೇರೆ ಸಾಲಲ್ಲಿ ತೋರಿಸಿ. ನಾವು ಕಟ್ಟೋ ತೆರಿಗೆಯಲ್ಲಿ ಅದನ್ನ ಕಳೆದುಕೊಳ್ತೀವಿ. ನೀವು ದರವೇ 118 ಅಂತ ಬರೆದಿದ್ದೀರಿ. ಅದರ ಮೇಲೆ ಮತ್ತೆ ಹದಿನೆಂಟು ಪರ್ಸೆಂಟ್ ಹಾಕಿದ್ರೆ ಎಷ್ಟಾಯ್ತು ನೋಡಿ. 139 ರೂಪಾಯಿ 24 ಪೈಸೆ!"

ಪೈಸೆಯವರೆಗೆ ಲೆಕ್ಕ ಹಾಕುವವರ ಮುಂದೆ ಅಲಂಕಾರಶಾಸ್ತ್ರ ನಿಲ್ಲುವುದಿಲ್ಲ. ಅವರು ಅಷ್ಟಕ್ಕೇ ಬಿಡಲಿಲ್ಲ. "ವೆಲ್ಡಿಂಗ್ ವೈರು, ಗ್ಯಾಸು, ಗ್ರೈಂಡಿಂಗ್ ವೀಲು, ಇವುಗಳ ಮೇಲೆ ಕೊಡ್ತಿದ್ದ ತೆರಿಗೆ ಇಲ್ಲಿವರೆಗೂ ನಿಮಗೆ ಮುಳುಗಿದ ದುಡ್ಡಾಗಿತ್ತು. ಈಗ ಕ್ರೆಡಿಟ್ ಸಿಗತ್ತೆ. ಆ ಲಾಭ ಗಿರಾಕಿಗೆ ದಾಟಿಸಬೇಕು ಅಂತ ಕಾಯ್ದೆಯ 171ನೇ ಸೆಕ್ಷನ್ನಲ್ಲೇ ಇದೆ. 96 ಮಾಡಿ ಕಳಿಸಿ ಸಾರ್."

ಏರಿಸಲು ಹೋದ ದರವನ್ನು ಇಳಿಸಿಕೊಂಡು ಬಂದ ನನ್ನನ್ನು ಭಾವ ಆಡಿಟರ ಬಳಿಗೆ ಎಳೆದೊಯ್ದರು. ಆಡಿಟರು ಪತ್ರವನ್ನು ಓದಿ, ಮಡಚಿ, ಅದರ ಬೆನ್ನ ಮೇಲೆ ಲೆಕ್ಕ ಬರೆದರು. ಒಂದು ಬ್ರಾಕೆಟ್ಟಿಗೆ ವೈರು, ಗ್ಯಾಸು ಇತ್ಯಾದಿಗೆ 20 ರೂಪಾಯಿ ಖರ್ಚು. ಅದರಲ್ಲಿ ತೆರಿಗೆಯ ಪಾಲು ಸುಮಾರು ಮೂರು. ಕ್ರೆಡಿಟ್ ಸಿಗುವುದು ಅಷ್ಟೇ. ಕರೆಂಟಿಗೆ, ಜನರೇಟರಿನ ಡೀಸೆಲಿಗೆ ಜಿಎಸ್‌ಟಿಯೇ ಇಲ್ಲದಿರುವುದರಿಂದ ಅವಕ್ಕೆ ಚಿಕ್ಕಾಸೂ ಇಲ್ಲ. ಹಾಗಾಗಿ 96 ಎಂದರೆ ಕೈಯಿಂದಲೇ ಕೊಟ್ಟಂತೆ.

"ಆದರೆ ನಿಮಗೆ ಪೆಟ್ಟು ಬೀಳೋದು ದರದಲ್ಲಲ್ಲ, ತಾರೀಖಲ್ಲಿ" ಎಂದರು.

ತಿಂಗಳಿಗೆ 5,000 ಬ್ರಾಕೆಟ್ಟೆಂದರೆ 5 ಲಕ್ಷ ಕೂಲಿ, 90,000 ತೆರಿಗೆ. ಕ್ರೆಡಿಟ್ 15,000 ಕಳೆದರೆ ಮುಂದಿನ ತಿಂಗಳ 20ರೊಳಗೆ ಕಟ್ಟಬೇಕಾದ್ದು 75,000. ಕಂಪನಿ ಬಿಲ್ ಪಾಸು ಮಾಡುವುದು 90 ದಿನಕ್ಕೆ. ಜುಲೈ ಬಿಲ್ಲಿನ ಹಣ ಅಕ್ಟೋಬರ್ ಕೊನೆಗೆ ಬರುವಷ್ಟರಲ್ಲಿ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರರ ತೆರಿಗೆಯನ್ನೂ ಭಾವ ಜೇಬಿನಿಂದ ಕಟ್ಟಿರುತ್ತಾರೆ: 2,25,000. ಕಂಪನಿಯೋ, ನಮಗೆ ಒಂದು ಕಾಸೂ ಕೊಡದೆ ಆಗಸ್ಟಿನಲ್ಲೇ ಜುಲೈನ 90,000ವನ್ನು ತನ್ನ ಲೆಕ್ಕದಲ್ಲಿ ಕಳೆದುಕೊಂಡಿರುತ್ತದೆ. ಬಿಲ್ಲಿನ ಹಣ 180 ದಿನದೊಳಗೆ ಕೊಟ್ಟರೆ ಆ ಕ್ರೆಡಿಟ್ಟಿಗೆ ತೊಂದರೆಯಿಲ್ಲ. ಅವರ 90 ದಿನ ಅದರ ಅರ್ಧ. ಅಂದರೆ ಶೆಡ್ಡು ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿತ್ತು. ನಾನು ಕಣ್ಣೀರು ಸುರಿಸಬೇಕಾಗಿದ್ದ ಜಾಗ ಇದು. ಪತ್ರದಲ್ಲಿ ಇದರ ಸುಳಿವೂ ಇರಲಿಲ್ಲ.

ಎರಡನೆಯ ಕಾಗದವನ್ನು ಆಡಿಟರು ಹೇಳಿದರು, ನಾನು ಬರೆದೆ. ದರ 100, ಮೊದಲಿನಂತೆಯೇ. ಜಿಎಸ್‌ಟಿ ಶೇ. 18 ಪ್ರತ್ಯೇಕ. ತೆರಿಗೆಯ ಮೊತ್ತವನ್ನು ಮಾತ್ರ ಮುಂದಿನ ತಿಂಗಳ 15ರೊಳಗೆ ಕೊಡತಕ್ಕದ್ದು. ಕೂಲಿ ಎಂದಿನಂತೆ 90 ದಿನಕ್ಕೆ. 'ತಮ್ಮ ವಿಶ್ವಾಸಿ' ಎನ್ನುವುದಕ್ಕೂ ಅವರು ಅನುಮತಿ ಕೊಡಲಿಲ್ಲ.

ಉತ್ತರ ಬಂತು. 15ನೇ ತಾರೀಖಿಗೆ ಒಪ್ಪಿಗೆ. ದರ 97. ಕೆಳಗೊಂದು ಸಾಲು: "ಹೊಸ ತೆರಿಗೆಯಿಂದ ದರ ಪರಿಷ್ಕರಿಸಬೇಕೆಂದು ತಾವಾಗಿಯೇ ನೆನಪಿಸಿದ್ದಕ್ಕೆ ವಂದನೆಗಳು."

ಮೂರನೆಯ ಪತ್ರದ ಒಕ್ಕಣೆ ನನ್ನ ತಲೆಯಲ್ಲಿ ತಯಾರಾಗುತ್ತಿತ್ತು. ಭಾವ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು.

"ಸಾಕು ಕಣೋ. ನೀನು ಇನ್ನೊಂದು ಬರೆದ್ರೆ ಬ್ರಾಕೆಟ್ಟಿಗೆ ನಾವೇ ಅವರಿಗೆ ಕೂಲಿ ಕೊಡಬೇಕಾಗತ್ತೆ. ಅದಕ್ಕೂ ಹದಿನೆಂಟು ಪರ್ಸೆಂಟ್ ಸೇರಿಸಿ."