ಹೊಸನಗರಗೆ ಹೋಗು

ಬಸ್ ಟಿಕೆಟಿನ ಫ್ರೆಂಚ್ ತಂತ್ರಾಂಶವೊಂದು ಮಲೆನಾಡಿಗೆ ಬಂತೆನ್ನೋಣ. ಅದರ ಅನುವಾದ ಕಡತದಲ್ಲಿ ಈ ಸಾಲಿರುತ್ತದೆ:

```
msgid "Aller à %s"
msgstr "%sಗೆ ಹೋಗು"
```

`%s` ಎಂಬುದು ಖಾಲಿ ಜಾಗ. ತಂತ್ರಾಂಶ ನಡೆಯುವಾಗ ಊರಿನ ಹೆಸರು ಬಂದು ಅಲ್ಲಿ ಕೂರುತ್ತದೆ. ಫ್ರೆಂಚಿನ `à` ಹೆಸರಿನಿಂದ ದೂರ ನಿಲ್ಲುತ್ತದೆ, ಕನ್ನಡದ ಪ್ರತ್ಯಯ ಹೆಸರಿಗೇ ಅಂಟುತ್ತದೆ. ಅನುವಾದಕ ಮೊದಲು ತೀರ್ಥಹಳ್ಳಿಯನ್ನು ಹಾಕಿ ನೋಡುತ್ತಾನೆ: ತೀರ್ಥಹಳ್ಳಿಗೆ ಹೋಗು. ಭೇಷ್. ಆಗುಂಬೆಗೆ, ರಿಪ್ಪನ್‌ಪೇಟೆಗೆ, ಎಲ್ಲವೂ ಸಲೀಸು. ಕೆಲಸ ಮುಗಿಯಿತೆಂದು ಕಾಫಿಗೆ ಎದ್ದಾಗ ಹೊಸನಗರ ಬರುತ್ತದೆ: ಹೊಸನಗರಗೆ ಹೋಗು. ಹಿಂದೆಯೇ ಸಾಗರಗೆ. ಗಾಬರಿಯಲ್ಲಿ ‘ಗೆ’ ತೆಗೆದು ‘ಕ್ಕೆ’ ಹಾಕಿದರೆ ಹೊಸನಗರ, ಸಾಗರ, ಶಿವಮೊಗ್ಗ ಮೂರೂ ಸರಿಹೋಗಿ, ತೀರ್ಥಹಳ್ಳಿಕ್ಕೆ, ಆಗುಂಬೆಕ್ಕೆ ಎಂಬ ಹೊಸ ಊರುಗಳು ಹುಟ್ಟುತ್ತವೆ. ಬೆಂಗಳೂರಂತೂ ತನ್ನ ಕೊನೆಯ ಉಕಾರವನ್ನೇ ಬಿಟ್ಟುಕೊಟ್ಟು ‘ಬೆಂಗಳೂರಿಗೆ’ ಆಗುವ ಊರು; ಅದಕ್ಕೆ ಎರಡೂ ಒಗ್ಗವು.

ಅಕಾರಕ್ಕೆ ‘ಕ್ಕೆ’, ಇಕಾರ ಎಕಾರಗಳಿಗೆ ‘ಗೆ’, ಉಕಾರಕ್ಕೆ ‘ಇಗೆ’ ಎಂದು ಕೋಡ್ ಬರೆಯಬಹುದಲ್ಲ ಎನ್ನುವ ಉತ್ಸಾಹಿಗಳು ಇದ್ದೇ ಇರುತ್ತಾರೆ. ಅದೇ ಕೋಡಿಗೆ ನಾಗರಾಜ ಸಿಕ್ಕರೆ ‘ನಾಗರಾಜಕ್ಕೆ ಟಿಕೆಟ್ ಕಳಿಸಿದೆ’ ಎಂದು ಬಂದು, ಮನುಷ್ಯ ಒಂದೇಟಿಗೆ ನಪುಂಸಕಲಿಂಗಕ್ಕೆ ಇಳಿಯುತ್ತಾನೆ. ‘ನಾಗರಾಜನಿಗೆ’ ಎಂದು ತಿದ್ದಿದರೂ ‘ಅವರಿಗೆ’ ಎನ್ನಲಿಲ್ಲವೆಂಬ ಮುನಿಸು ಉಳಿಯುತ್ತದೆ. ಒಂದು ಪ್ರತ್ಯಯಕ್ಕೆ ಇಷ್ಟು ರಗಳೆಯೇ ಎಂದು ಕೇಳುವ ಫ್ರೆಂಚ್ ಕಡೆಯವರು ತಮ್ಮದೇ `Départ de %s` ಸಾಲನ್ನು ಆಗುಂಬೆಗೆ ಹಚ್ಚಿ ನೋಡುವುದು ಒಳ್ಳೆಯದು: `d'Agumbe` ಆಗಬೇಕಾದಲ್ಲಿ `de Agumbe` ಎಂದು ಬಂದು ಅವರ ವ್ಯಾಕರಣವೂ ಮುಗ್ಗರಿಸುತ್ತದೆ. ಪರಿಹಾರ ತೀರಾ ಸಪ್ಪೆ. ಹೆಸರನ್ನು ಪ್ರತ್ಯಯವಿಲ್ಲದೆ ಬಿಡಬೇಕು: `ತಲುಪುವ ಊರು: %s`.

ಬಹುವಚನದಲ್ಲಿ ಅಪಾಯ ಸದ್ದಿಲ್ಲದೆ ಬರುತ್ತದೆ. ಫ್ರೆಂಚ್ ಸೊನ್ನೆಯನ್ನೂ ಏಕವಚನದಲ್ಲೇ ಇಡುತ್ತದೆ. ಯೂನಿಕೋಡ್‌ನ ಸಿಎಲ್‌ಡಿಆರ್ ನಿಯಮದಲ್ಲಿ ಕನ್ನಡಕ್ಕೂ ಹಾಗೆಯೇ. ಗೆಟ್‌ಟೆಕ್ಸ್ಟ್ ಕಡತದಲ್ಲಿ ಅದು ಹೀಗಿರುತ್ತದೆ:

```
nplurals=2; plural=(n > 1);
```

ಏಕವಚನದ ಸಾಲೆಂದರೆ ಒಂದು ಎಂದೇ ನಂಬಿದ ಅನುವಾದಕ `%d` ಅನ್ನು ಕಿತ್ತು ‘ಒಬ್ಬ ಪ್ರಯಾಣಿಕ’ ಎಂದು ಚಂದದ ಕನ್ನಡ ಬರೆಯುತ್ತಾನೆ. ರಾತ್ರಿಯ ಖಾಲಿ ಬಸ್ಸಿನ ಪರದೆಯಲ್ಲೂ ‘ಒಬ್ಬ ಪ್ರಯಾಣಿಕ’ ಕಾಣಿಸಿಕೊಳ್ಳುತ್ತಾನೆ. ಘಟ್ಟದ ದಾರಿಯಲ್ಲಿ ಕಂಡಕ್ಟರಿಗೆ ಇದು ತಮಾಷೆಯಲ್ಲ. ಆದ್ದರಿಂದ `%d` ಎರಡೂ ಸಾಲಿನಲ್ಲಿರಬೇಕು, ಪರೀಕ್ಷೆಯನ್ನು 0, 1, 2 ಮೂರಕ್ಕೂ ಮಾಡಬೇಕು.

ಗುಂಡಿಗಳಲ್ಲಿ ಕನ್ನಡಕ್ಕೆ ಅಗಲದ ಚಿಂತೆ ಕಡಿಮೆ. `Enregistrer` ಹಿಡಿಸುವ ಗುಂಡಿಯಲ್ಲಿ ‘ಉಳಿಸು’ ಕಾಲು ಚಾಚಿ ಮಲಗಬಹುದು. ತೊಂದರೆ ಎತ್ತರದ್ದು: ಲ್ಯಾಟಿನ್ ಅಕ್ಷರಕ್ಕೆಂದು ಕೊರೆದ ಗುಂಡಿಯಲ್ಲಿ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಇನ್ನು ಹೆಸರನ್ನು 8 ಅಕ್ಷರಕ್ಕೆ ಮೊಟಕುಗೊಳಿಸುವ ಕೋಡ್ ಇದ್ದರೆ ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಕಣ್ಣಿಗೆ ನಾಲ್ಕೇ ಅಕ್ಷರದ ತೀರ್ಥಹಳ್ಳಿಯಲ್ಲಿ ಅಂಥವು 10 ಇವೆ. ಎಂಟಕ್ಕೆ ಕಡಿದರೆ ‘ತೀರ್ಥಹಳ್’ ಉಳಿಯುತ್ತದೆ. ಅಂಥಲ್ಲಿ ಮೊಟಕುಗೊಳಿಸುವ ಕೋಡನ್ನು ತೆಗೆದು, ಹೆಸರು ಎರಡನೇ ಸಾಲಿಗೆ ಇಳಿಯುವಂತೆ ಗುಂಡಿಯನ್ನು ಎತ್ತರಿಸಲು ವಿನ್ಯಾಸಕಾರರನ್ನು ಒಪ್ಪಿಸಬೇಕಾಗುತ್ತದೆ.