ಬರ್ನಾಲಿಗೆ ಬಗ್ಗದ ಸುಟ್ಟಗಾಯ

ನನ್ನ ಬಲಗಿವಿ ನನಗಿಂತ ಎರಡು ವರ್ಷ ಮೊದಲೇ ನಿವೃತ್ತಿಯಾಗಿದೆ. ಫೋನು ಬಂದರೆ ಎಡಗಿವಿಗೆ ಇಟ್ಟುಕೊಳ್ಳಬೇಕು ಅನ್ನುವುದು ಮಾತು ಅರ್ಧ ಮುಗಿದ ಮೇಲೆ ನೆನಪಾಗುತ್ತದೆ. ಹಾಗಾಗಿ ಬೆಂಗಳೂರಿನಿಂದ ಅಣ್ಣನ ಮಗಳು "ಚಿಕ್ಕಪ್ಪ, ನಂಗೆ ಬರ್ನೌಟ್ ಆಗಿದೆ" ಅಂದಾಗ ನನಗೆ ದಕ್ಕಿದ್ದು 'ಬರ್ನ್' ಮಾತ್ರ.

"ಮೊದ್ಲು ತಣ್ಣೀರು ಬಿಡು ಪುಟ್ಟೀ, ಆಮೇಲೆ ಬರ್ನಾಲ್ ಹಚ್ಚು" ಅಂದೆ. ಆ ಕಡೆ ಸದ್ದಿಲ್ಲ. ಪಾಪ, ಉರಿಗೆ ಮಾತೇ ಹೊರಡುತ್ತಿಲ್ಲ ಅಂದುಕೊಂಡು ಮೈಸೂರಿನಿಂದ ಸಂಜೆಯ ರೈಲು ಹತ್ತಿದೆ. ಜೇಬಿನಲ್ಲಿ ಹಳದಿ ಮುಲಾಮಿನ ಟ್ಯೂಬು.

ಬಾಗಿಲು ತೆರೆದವಳ ಕೈ, ಕಾಲು, ಮುಖ ಎಲ್ಲ ನೆಟ್ಟಗಿತ್ತು. ನಾನು ಟ್ಯೂಬು ಹಿಡಿದು ನಿಂತಿದ್ದನ್ನು ನೋಡಿ ಮೊದಲು ನಕ್ಕಳು, ಆಮೇಲೆ ಅತ್ತಳು. ಎರಡನ್ನೂ ಒಂದೇ ಉಸಿರಿನಲ್ಲಿ ಮಾಡುವುದನ್ನು ಕಂಡು ಬಂದದ್ದು ದಂಡವಾಗಲಿಲ್ಲ ಅನ್ನಿಸಿತು.

ಈ ಕಾಲದ ಮಕ್ಕಳ ಬಾಯಲ್ಲಿ ಇಂಥ ಮಾತುಗಳು ಬಹಳ. ಕ್ಲೋಶರ್ ಅಂದರೆ ಯಾವುದೋ ಚೀಟಿ ಕಂಪನಿ ಬಾಗಿಲು ಹಾಕಿದ್ದು ಅಂತ ತಿಳಿದಿದ್ದೆ. ಕಾರಣ ಹೇಳದೆ ಮಾತು ಬಿಟ್ಟ ಗೆಳತಿಯ ಲೆಕ್ಕ ಮನಸ್ಸಿನಲ್ಲಿ ಚುಕ್ತಾ ಆಗದೆ ಉಳಿದಿದೆ ಅನ್ನುವುದು ಅವಳ ಅರ್ಥ. ಟ್ರಾಮಾ ಅನ್ನುವುದಕ್ಕೆ ಗ್ರೀಕಿನಲ್ಲಿ ಗಾಯ ಅಂತಲೇ ಅರ್ಥವಂತೆ. ನನ್ನ ಟ್ಯೂಬಿಗೆ ಅದಾದರೂ ಸ್ವಲ್ಪ ಹತ್ತಿರ. ಇನ್ನು ಆಂಗ್ಸೈಟಿ. ಹಾವು ಕಂಡು ಹಾರಿದರೆ ಅದು ಭಯ. ಇರಬಹುದೇನೋ ಅಂತ ಸೌದೆ ಕೊಟ್ಟಿಗೆಗೆ ತಿಂಗಳುಗಟ್ಟಲೆ ಕಾಲಿಡದಿದ್ದರೆ ಆತಂಕ. ಹೋಗದೆ ಉಳಿದ ಒಂದೊಂದು ದಿನಕ್ಕೂ ಆ ಕಾಣದ ಹಾವು ಒಂದೊಂದು ಮೊಳ ಬೆಳೆಯುತ್ತದೆ.

ಎಲ್ಲಿದ್ದೆ? ಹಾಂ, ಬರ್ನೌಟು. ಅದಕ್ಕೆ ಕನ್ನಡ ಹುಡುಕಿ ಕೊಟ್ಟವಳು ನನ್ನಾಕೆ. ರಾತ್ರಿ ಫೋನಿನಲ್ಲಿ ವಿಷಯ ಹೇಳಿದ್ದೇ ತಡ, "ಅಯ್ಯೋ, ತಳ ಹಿಡಿದಿದೆ ಅನ್ನಿ" ಅಂದಳು.

ತಳ ಹಿಡಿದ ಹಾಲು ನೋಡಿದ್ದೀರಲ್ಲ? ಮೇಲೆ ಬೆಳ್ಳಗೆ, ಕೆನೆ ಸಮೇತ ಚೆನ್ನಾಗಿಯೇ ಇರುತ್ತದೆ. ವಾಸನೆ ಮಾತ್ರ ಪಾತ್ರೆಯ ತುಂಬ. ನಮ್ಮ ಹುಡುಗಿಯೂ ಹಾಗೇ. ದಿನಾ ಕೆಲಸಕ್ಕೆ ಹೋಗುತ್ತಿದ್ದಳು. ಆದರೆ ಎಂಟು ಗಂಟೆ ಮಲಗಿ ಎದ್ದರೂ ಸುಸ್ತು. ಮೊದಲು ಕಿರಿಯರಿಗೆ ಪಕ್ಕದಲ್ಲಿ ಕೂತು ಕಲಿಸುತ್ತಿದ್ದವಳಿಗೆ ಈಗ ಅವರು ಬಾಯಿ ತೆರೆದರೆ ಸಿಡುಕು. ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ. ಮಾಡಿದ ಮೇಲೂ ನನ್ನಿಂದ ಏನೂ ಆಗಲ್ಲ ಅನ್ನುವ ಕೊರಗು. ದಣಿವು, ಕೆಲಸದ ಮೇಲೆ ಹೇಸಿಕೆ, ಕೈಲಾಗದೆಂಬ ಭಾವ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟನ್ನು ವಿವರಿಸಿದ್ದೂ ಈ ಮೂರರಿಂದಲೇ. ಇದು ರೋಗವಲ್ಲ, ದುಡಿಮೆಯ ಜಾಗದಲ್ಲಿ ನಿಭಾಯಿಸಲಾಗದೆ ಉಳಿದ ಒತ್ತಡದ ಫಲ ಅಂತಲೂ ಅದು ಹೇಳಿದೆ. ಒಲೆಯ ವಿಷಯ ಎತ್ತದೆ ಹಾಲನ್ನು ಮಾತ್ರ ಬೈಯುವ ನಮ್ಮಂಥವರು ಗಮನಿಸಬೇಕಾದ ಮಾತು.

ಈ ಹೆಸರನ್ನು ಚಾಲ್ತಿಗೆ ತಂದವರು ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, 1974ರಲ್ಲಿ. ಹಗಲು ತಮ್ಮ ವೃತ್ತಿ ಮಾಡಿ, ರಾತ್ರಿ ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ಅಲ್ಲಿ ಉತ್ಸಾಹದಿಂದ ಬಂದ ಸ್ವಯಂಸೇವಕರೇ ಕೆಲವು ತಿಂಗಳಲ್ಲಿ ಬತ್ತಿಹೋಗುವುದನ್ನು ಕಂಡರು, ತಾವೂ ಬತ್ತಿದರು. ಅಂದರೆ ಇದು ಸೋಮಾರಿಗಳಿಗೆ ಬರುವುದಲ್ಲ. ನನಗೆ ಮೂವತ್ತೊಂದು ವರ್ಷದ ಮೇಷ್ಟರ ಕೆಲಸದಲ್ಲಿ ಯಾಕೆ ಬರಲಿಲ್ಲ ಅನ್ನುವುದು ಈಗ ಹೊಳೆಯಿತು.

"ಒಂದು ವಾರ ರಜಾ ಹಾಕು" ಅಂದೆ. ಹಾಕಿದ್ದಳಂತೆ. ಮಡಿಕೇರಿಯಲ್ಲಿ ನಾಲ್ಕು ದಿನ ಚೆನ್ನಾಗಿದ್ದು, ಸೋಮವಾರ ಲ್ಯಾಪ್‌ಟಾಪ್ ತೆರೆಯುತ್ತಲೇ ಹೊಟ್ಟೆ ತೊಳಸಿತಂತೆ. ಪಾತ್ರೆ ಇಳಿಸಿ, ಆರಿಸಿ, ಮತ್ತೆ ಅದೇ ಉರಿಗೆ ಇಟ್ಟ ಹಾಗೆ.

ಆದರೂ ಮಡಿಕೇರಿಯಲ್ಲಿ ಚೆನ್ನಾಗಿದ್ದಳು ಅನ್ನುವುದು ಸಣ್ಣ ಮಾತಲ್ಲ. ರಜೆಯಲ್ಲೂ ಊಟ ರುಚಿಸದೆ, ಹಾಡು ಹಿಡಿಸದೆ, ಬದುಕೇ ಬೇಡ ಅನ್ನಿಸಿದ್ದರೆ ಅದು ಖಿನ್ನತೆಯ ದಾರಿ. ಕಚೇರಿ ಬದಲಿಸಿ ಕಾಯುವುದಲ್ಲ, ವೈದ್ಯರನ್ನೇ ಕಾಣಬೇಕು. ಹೇಳಿಕೊಳ್ಳಲು 14416 ಅನ್ನುವ ಸರ್ಕಾರಿ ಸಹಾಯವಾಣಿಯೂ ಉಂಟು, ಕನ್ನಡದಲ್ಲೇ ಮಾತಾಡಬಹುದು. ಇವಳು ಹೋದ ವೈದ್ಯರು ಮೊದಲು ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಬರೆದರು, ಸುಸ್ತಿಗೆ ಅವುಗಳ ಏರುಪೇರೂ ಕಾರಣವಾಗುತ್ತದೆ. ಎರಡೂ ಸರಿಯಿತ್ತು. ಆಮೇಲೆ ಕೇಳಿದ್ದು ಅವಳ ರಾತ್ರಿಗಳ ಲೆಕ್ಕ: ಅಮೆರಿಕದವರ ಜೊತೆ ವಾರಕ್ಕೆ ಐದೂ ರಾತ್ರಿ ಹನ್ನೊಂದರವರೆಗೆ ಮೀಟಿಂಗು.

ಮ್ಯಾನೇಜರ ಹತ್ತಿರ ಕೂತು ಮಾತಾಡಿದಳು. ಐದು ರಾತ್ರಿಗಳು ಈಗ ಮೂವರಲ್ಲಿ ಹಂಚಿಕೆಯಾಗಿವೆ. ತಳದ ಕರಕಲು ಒಮ್ಮೆಗೇ ಬಿಡಲಿಲ್ಲ. ಮೂರು ತಿಂಗಳ ಮೇಲೆ, "ಇವತ್ತು ಜೂನಿಯರ್ ಒಬ್ಬಳಿಗೆ ಹೇಳಿಕೊಟ್ಟೆ ಚಿಕ್ಕಪ್ಪ, ಸಿಟ್ಟು ಬರಲಿಲ್ಲ" ಅಂತ ಫೋನು ಮಾಡಿದಳು. ಈ ಸಲ ಎಡಗಿವಿಗೇ ಹಿಡಿದಿದ್ದೆ.

ಖುಷಿಯಲ್ಲಿ ಅವಳಿಗೆ ಒಲೆ, ಉರಿ, ಪಾತ್ರೆ ಅಂತ ಇಡೀ ಸಿದ್ಧಾಂತವನ್ನು ಅರ್ಧ ಗಂಟೆ ವಿವರಿಸಿದೆ. ಅಡುಗೆಮನೆಯಿಂದ ಕಮಟು ವಾಸನೆ ಬಂತು. ನನ್ನಾಕೆ ದೇವಸ್ಥಾನಕ್ಕೆ ಹೋಗುವಾಗ ಹಾಲು ನೋಡಿಕೊಳ್ಳಿ ಅಂದಿದ್ದಳು. ಓಡಿಹೋಗಿ ಬರಿಗೈಯಲ್ಲಿ ಪಾತ್ರೆ ಇಳಿಸಿದೆ. ಬರ್ನಾಲ್ ಟ್ಯೂಬಿನ ಮುಚ್ಚಳ ತೆಗೆದದ್ದು ಆವತ್ತೇ ಮೊದಲು.